ವಿಕ್ಸ್ ಜಿಗಿದಾಗ ನಿಫ್ಟಿ ಕೊಳ್ಳೋದು: ಮೂರು ಕಂತು, ಮೂರು ತಿಂಗಳು. ಈ ಲೆಕ್ಕ ನಿಲ್ಲುತ್ತಾ?

ಬಸವರಾಜ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ನಿಯಮ ಬರೆದಿಟ್ಟುಕೊಂಡಿದ್ದೇನೆ. ದುಡ್ಡು ಹಾಕುವ ಮೊದಲು ಇಲ್ಲಿ ಹಾಕಿ ಬೈಸಿಕೊಳ್ಳೋಣ ಅಂತ.

ಮಾರುಕಟ್ಟೆಯ ಭಯ ಅಳೆಯುವ ಸೂಚ್ಯಂಕ ಇಂಡಿಯಾ ವಿಕ್ಸ್ 30ರ ಮೇಲೆ ಮುಗಿದ ದಿನ, ನಿಫ್ಟಿಯನ್ನೇ ಹಿಂಬಾಲಿಸುವ ಇಟಿಎಫ್ ನಿಫ್ಟಿ ಬೀಸ್‌ನ ಮೊದಲ ಕಂತು ಕೊಳ್ಳುವುದು. 40ರ ಮೇಲೆ ಮುಗಿದರೆ ಎರಡನೇ ಕಂತು, 50ರ ಮೇಲೆ ಮುಗಿದರೆ ಮೂರನೇದು. ಮೂರೂ ಸಲ ಅಷ್ಟಷ್ಟೇ ಯೂನಿಟ್. ಕೊನೆಯ ಕಂತು ಕೊಂಡು ಸರಿಯಾಗಿ ಮೂರು ತಿಂಗಳಿಗೆ ಎಲ್ಲವನ್ನೂ ಮಾರುವುದು. ಲಾಭವೋ ನಷ್ಟವೋ, ಆ ದಿನ ಬಂದರೆ ಮಾರಾಟ. ಸ್ಟಾಪ್‌ಲಾಸ್ ಇಲ್ಲ, ಟಾರ್ಗೆಟ್ ಇಲ್ಲ.

ಇದರ ಹಿಂದಿನ ಯೋಚನೆ ಇಷ್ಟೇ. ಜನ ಹೆದರಿದಾಗ ಬೀಳುವಿಕೆಯಿಂದ ಕಾಪಾಡುವ ಪುಟ್ ಆಪ್ಷನ್‌ಗೆ ಎಷ್ಟು ಕೇಳಿದರೂ ಕೊಡುತ್ತಾರೆ, ಅದಕ್ಕೇ ವಿಕ್ಸ್ ಏರುತ್ತದೆ. ಆ ಭಯ ಹೆಚ್ಚು ದಿನ ಅದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಇಳಿಯುವಾಗ ಸೂಚ್ಯಂಕ ಮೇಲೆ ಬರುತ್ತದೆ. ಹಾಗಾಗಿ ಭಯ ಇರುವಾಗ ಕೊಂಡು, ಇಳಿಯೋಕೆ ಟೈಮ್ ಕೊಟ್ಟು, ಹೊರಗೆ ಬರೋದು. ತಪ್ಪು ಎಲ್ಲಿದೆ ಹೇಳಿ.

ಆಪ್ಷನ್_ಗುರು

ತಪ್ಪೇನೂ ಇಲ್ಲ ಗುರು, ಜಾಸ್ತಿ ಯೋಚನೆ ಮಾಡಿದ್ದೀರಿ ಅಷ್ಟೇ. ವಿಕ್ಸ್‌ನ ತುದಿ ಅಂದರೆ ಮಾರ್ಕೆಟ್‌ನ ತಳ. 2020ರ ಮಾರ್ಚ್ ನೋಡಿ. 23ನೇ ತಾರೀಕು ನಿಫ್ಟಿ ಒಂದೇ ದಿನ 13% ಬಿದ್ದು 7610ಕ್ಕೆ ಮುಗಿಯಿತು. ಮರುದಿನ ವಿಕ್ಸ್ 80 ದಾಟಿತು. ಅಲ್ಲಿಂದ ನಿಫ್ಟಿ ಹಿಂದೆ ತಿರುಗಿ ನೋಡಲಿಲ್ಲ. ಕಂತು ಗಿಂತು ಬೇಡ, ವಿಕ್ಸ್ ಮೇಲಿರುವಾಗ ಕಣ್ಮುಚ್ಚಿ ಕೊಳ್ಳಿ.

ನಿಧಾನಿ

ಗುರುಗಳು ಹೇಳಿದ್ದರಲ್ಲಿ ಅರ್ಧ ಸರಿ. ವಿಕ್ಸ್‌ನ ತುದಿಯೂ ಬೆಲೆಯ ತಳವೂ ಆಸುಪಾಸಿನಲ್ಲಿ ಬರುವುದುಂಟು. ಆದರೆ ಅದು ತುದಿ ಎಂದು ಗೊತ್ತಾಗುವುದು ಇಳಿದ ಮೇಲೆ. ಏರುವಾಗ 30 ಕೂಡ ತುದಿ ಹಾಗೇ ಕಾಣುತ್ತದೆ, 50 ಕೂಡ ಹಾಗೇ ಕಾಣುತ್ತದೆ.

ಬಸವರಾಜ್ ಅವರ ನಿಯಮವನ್ನೇ 2020ರ ಮೇಲೆ ಓಡಿಸಿ ನೋಡೋಣ. 30 ದಾಟಿ ಮುಗಿದದ್ದು ಮಾರ್ಚ್ 9. ಆ ದಿನ ನಿಫ್ಟಿ 10451. 40 ದಾಟಿದ್ದು ಮಾರ್ಚ್ 12, ನಿಫ್ಟಿ 9590. ಮರುದಿನವೇ, ಅಂದರೆ 13ಕ್ಕೆ, 50 ದಾಟಿತು. ಅದು ಬೆಳಗ್ಗೆ ಕೆಳ ಸರ್ಕ್ಯೂಟ್ ಬಿದ್ದು ಸಂಜೆ ಮೇಲೆ ಮುಗಿದ ದಿನ, ನಿಫ್ಟಿ 9955.

ಗಮನಿಸಿ, ಮೂರೂ ಕಂತು ಒಂದೇ ವಾರದಲ್ಲಿ ಖಾಲಿ. ಸರಾಸರಿ ಬೆಲೆ ಸುಮಾರು 10,000. ನಿಜವಾದ ತಳ ಬರಲು ಇನ್ನೂ ಹತ್ತು ದಿನ ಬಾಕಿ ಇತ್ತು. ಅಲ್ಲಿಗೆ ಹೋಗುವಷ್ಟರಲ್ಲಿ ಇವರ ಹೂಡಿಕೆ 24% ಕೆಳಗೆ, ಕೈಯಲ್ಲಿ ಕಾಸಿಲ್ಲ. ಮೂರು ತಿಂಗಳಿಗೆ ಜೂನ್ 13 ಶನಿವಾರ, ಅದರ ಹಿಂದಿನ ದಿನ ಜೂನ್ 12ಕ್ಕೆ ನಿಫ್ಟಿ 9973. ಅಂದರೆ ಗಳಿಕೆ ಸೊನ್ನೆ. ಈ ದೇಶದ ಮಾರುಕಟ್ಟೆ ಕಂಡ ದೊಡ್ಡ ಭಯಗಳಲ್ಲಿ ಒಂದನ್ನು ಕೊಂಡು, ದೊಡ್ಡ ಚೇತರಿಕೆಗಳಲ್ಲಿ ಒಂದರ ಮೇಲೆ ಕೂತು, ಸೊನ್ನೆ.

ಬಸವರಾಜ_ದಾವಣಗೆರೆ

ಅಯ್ಯೋ. ನಾನು ಚಾರ್ಟ್ ನೋಡಿ 7600ರ ಹತ್ತಿರ ಒಂದು ಕಂತಾದರೂ ಸಿಕ್ಕಿರುತ್ತದೆ ಅಂದುಕೊಂಡಿದ್ದೆ. ಹಾಗಾದರೆ ಮಟ್ಟಗಳನ್ನು ಇನ್ನೂ ಮೇಲೆ ಇಡಬೇಕಾ? 40, 60, 80 ಅಂತ?

ನಿಧಾನಿ

ಹಾಗೆ ಮಾಡಿದರೆ 2020 ಒಂದಕ್ಕೇ ಹೊಲಿಸಿದ ಅಂಗಿ ಆಗುತ್ತದೆ. ಆ ವರ್ಷದ ಬೇಸಿಗೆ ಕಳೆದ ಮೇಲೆ 2025ರವರೆಗೂ ಇಂಡಿಯಾ ವಿಕ್ಸ್ 40ರ ಹತ್ತಿರವೂ ಬರಲಿಲ್ಲ. 2022ರ ಫೆಬ್ರವರಿ 24ಕ್ಕೆ, ರಷ್ಯಾ ಉಕ್ರೇನ್ ಮೇಲೆ ನುಗ್ಗಿದ ದಿನ, 32ರ ಹತ್ತಿರ ಮುಗಿಯಿತು. 2025ರ ಏಪ್ರಿಲ್ 7ಕ್ಕೆ, ಟ್ರಂಪ್ ಸುಂಕದ ಗಲಾಟೆಯಲ್ಲಿ, 22.79. ನಿಮ್ಮ ಎರಡನೇ ಕಂತಿನ ದುಡ್ಡು ವರ್ಷಗಟ್ಟಲೆ ಸುಮ್ನೆ ಕೂತಿರುತ್ತಿತ್ತು.

ಸಮಸ್ಯೆ ಮಟ್ಟದ್ದಲ್ಲ. ವಿಕ್ಸ್ ಏರುವಾಗ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಹಾರುತ್ತದೆ. 30ರಿಂದ 50ಕ್ಕೆ ನಾಲ್ಕೇ ಟ್ರೇಡಿಂಗ್ ದಿನ ಸಾಕಾಯಿತು. ವಿಕ್ಸ್ ಮಟ್ಟದ ಮೇಲೆ ಮಾತ್ರ ಕಂತು ಕಟ್ಟಿದರೆ ಕಂತುಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾದಾಗ ಅದು ಕಂತೇ ಅಲ್ಲ, ಒಂದೇ ದೊಡ್ಡ ಖರೀದಿ. ಕಂತಿನ ಉದ್ದೇಶ ಸಮಯವನ್ನು ಹರಡುವುದು. ಹಾಗಾಗಿ ಕಂತಿನ ನಡುವೆ ಸಮಯವನ್ನೇ ಇಡಿ.

ಉದಾಹರಣೆಗೆ ಹೀಗೆ: ಮೊದಲ ಕಂತಿಗೆ ವಿಕ್ಸ್ 30. ಅದಾದ ಮೇಲೆ ಐದು ಟ್ರೇಡಿಂಗ್ ದಿನ ಕಳೆಯಬೇಕು, ಆಗಲೂ ವಿಕ್ಸ್ 30ರ ಮೇಲೆ ಇದ್ದರೆ ಎರಡನೇದು. ಮತ್ತೆ ಐದು ದಿನ ಬಿಟ್ಟು ಇನ್ನೂ 30ರ ಮೇಲಿದ್ದರೆ ಮೂರನೇದು. 2020ಕ್ಕೆ ಹಾಕಿದರೆ ಮಾರ್ಚ್ 9ಕ್ಕೆ 10451, ಮಾರ್ಚ್ 17ಕ್ಕೆ 8967, ಮಾರ್ಚ್ 24ಕ್ಕೆ 7801. ಹತ್ತನೇ ತಾರೀಕು ಹೋಳಿ ರಜೆ, ಅದನ್ನು ಎಣಿಸಬೇಡಿ. ಸರಾಸರಿ 9073. ಕೊನೆಯ ಕಂತಿನಿಂದ ಮೂರು ತಿಂಗಳು, ಜೂನ್ 24ಕ್ಕೆ ನಿಫ್ಟಿ 10305. ಹದಿಮೂರೂವರೆ ಶೇಕಡಾ ಹತ್ತಿರ.

ಅದೇ ಭಯ, ಅದೇ ಮೊದಲ ದಿನ, ಅಷ್ಟೇ ಯೂನಿಟ್. ಬದಲಾದದ್ದು ನಡುವಿನ ಅಂತರ ಮಾತ್ರ.

ಜಯಣ್ಣ ಟಿ.

ಸರ್, ನನಗೆ ಒಂದು ಅರ್ಥ ಆಗಲಿಲ್ಲ. ವಿಕ್ಸ್ ಎಲ್ಲಿ ಕೊಳ್ಳೋದು? ನನ್ನ ಆ್ಯಪ್‌ನಲ್ಲಿ INDIA VIX ಅಂತ ಹುಡುಕಿದರೆ ಸಂಖ್ಯೆ ಕಾಣುತ್ತದೆ, ಕೊಳ್ಳುವ ಬಟನ್ ಬರಲ್ಲ. ಏನಾದರೂ ಫಾರ್ಮ್ ತುಂಬಬೇಕಾ?

ಸುಧಾ_ಮೈಸೂರು

ಜಯಣ್ಣನವರೇ, ವಿಕ್ಸ್ ಕೊಳ್ಳುವ ಮಾತಲ್ಲ ಇದು. ವಿಕ್ಸ್ ನೋಡಿಕೊಂಡು ನಿಫ್ಟಿ ಕೊಳ್ಳುವ ಮಾತು. ವಿಕ್ಸ್ ಮೇಲೆ ಎನ್‌ಎಸ್‌ಇ 2014ರಲ್ಲಿ ಫ್ಯೂಚರ್ಸ್ ತಂದಿತ್ತು, ಜನ ಬರಲಿಲ್ಲ. ಮತ್ತೆ ಜಿಗಿದ ಮೇಲೆ ವಿಕ್ಸ್ ಕೊಂಡರೆ ಇವರ ಪ್ಲಾನ್‌ಗೆ ಉಲ್ಟಾ. ಇವರು ಅದು ಇಳಿಯುತ್ತದೆ ಅಂತ ನಂಬಿದ್ದಾರೆ.

ನನ್ನ ಕಥೆ ಕೇಳಿ, ಇಲ್ಲಿಗೆ ಸಂಬಂಧ ಇದೆ. 2020ರ ಮಾರ್ಚ್ 12ರಂದು ಇದೇ ಯೋಚನೆಯಲ್ಲಿ ನಿಫ್ಟಿ ಫ್ಯೂಚರ್ಸ್ ಒಂದು ಲಾಟ್ ಕೊಂಡಿದ್ದೆ, 9600ರ ಆಸುಪಾಸು. ಆಗ ಲಾಟ್ 75. ಪ್ರತಿದಿನ ನಷ್ಟದ ಹಣ ತುಂಬಬೇಕು, ಜೊತೆಗೆ ಮಾರ್ಜಿನ್ ಕೂಡ ದಿನದಿನಕ್ಕೆ ಏರಿಸಿದರು. 23ರ ಬೆಳಗ್ಗೆ 10% ಬಿದ್ದು 45 ನಿಮಿಷ ಮಾರುಕಟ್ಟೆ ನಿಂತಿತು. ಮತ್ತೆ ತೆರೆದ ಮೇಲೆ ಬ್ರೋಕರ್ ಕಡೆಯಿಂದಲೇ ನನ್ನ ಪೊಸಿಷನ್ ಕತ್ತರಿಸಿದರು. ಒಂದೂವರೆ ಲಕ್ಷದ ಹತ್ತಿರ ಹೋಯಿತು. ಅಂದಾಜು ತಪ್ಪಾಗಿರಲಿಲ್ಲ, ಜೂನ್‌ಗೆ ನಿಫ್ಟಿ ನಾನು ಕೊಂಡ ಬೆಲೆಯ ಮೇಲಿತ್ತು. ಆದರೆ ಜೂನ್‌ವರೆಗೆ ನಾನಿರಲಿಲ್ಲ.

ನಿಧಾನಿ

ಸುಧಾ ಮೇಡಂ ಹೇಳಿದ್ದು ಈ ಚರ್ಚೆಯ ಮುಖ್ಯ ಭಾಗ ಅಂತ ನನಗನಿಸುತ್ತದೆ. ಸ್ಟಾಪ್‌ಲಾಸ್ ಇಲ್ಲದ, ದಿನಾಂಕ ನೋಡಿ ಹೊರಬರುವ ಪ್ಲಾನ್‌ಗೆ ಒಂದೇ ಷರತ್ತು: ಆ ದಿನಾಂಕದವರೆಗೆ ನಿಮ್ಮನ್ನು ಯಾರೂ ಹೊರಗೆ ಹಾಕುವಂತಿರಬಾರದು. ಫ್ಯೂಚರ್ಸ್‌ನಲ್ಲಿ ಪೂರ್ತಿ ಬೆಲೆಯಷ್ಟು ಹಣ ಪಕ್ಕಕ್ಕೆ ಇಟ್ಟುಕೊಂಡಿದ್ದರೆ ಸರಿ. ಇಲ್ಲದಿದ್ದರೆ ಮಾರ್ಜಿನ್ ಏರುವುದೂ ವಿಕ್ಸ್ ಏರುವುದೂ ಒಂದೇ ಹೊತ್ತಿಗೆ. ನಿಮಗೆ ಹಣ ಬೇಕಾದ ದಿನವೇ ಅವರೂ ಹಣ ಕೇಳುತ್ತಾರೆ. ಅದಕ್ಕೆ ಬಸವರಾಜ್ ನಿಫ್ಟಿ ಬೀಸ್ ಆರಿಸಿಕೊಂಡಿದ್ದು ಒಳ್ಳೆಯದು. ಗದ್ದಲದ ದಿನ NIFTYBEES ಕೊಳ್ಳುವಾಗ ಮಾರ್ಕೆಟ್ ಆರ್ಡರ್ ಹಾಕಬೇಡಿ. ಐ-ಎನ್‌ಎವಿ, ಅಂದರೆ ಆ ಹೊತ್ತಿಗೆ ಯೂನಿಟ್‌ನ ನಿಜವಾದ ಮೌಲ್ಯ ನೋಡಿ, ಅದರ ಹತ್ತಿರ ಲಿಮಿಟ್ ಹಾಕಿ. ಅಂಥ ದಿನ ಎರಡರ ನಡುವೆ ಅಂತರ ಬೀಳುತ್ತದೆ.

ಆಪ್ಷನ್_ಗುರು

ಬೀಸ್‌ನಲ್ಲಿ ಏನು ಸಿಗುತ್ತೆ ಸ್ವಾಮಿ, ಹತ್ತು ಪರ್ಸೆಂಟ್? ನಿಫ್ಟಿ ಏರಿದರೆ ಲಾಭ ಕೊಡುವ ಕಾಲ್ ಆಪ್ಷನ್ ಕೊಂಡರೆ ನಷ್ಟಕ್ಕೆ ಮಿತಿ ಇದೆ, ಯಾರೂ ಕತ್ತರಿಸಲ್ಲ. ಸುಧಾ ಅವರ ಸಮಸ್ಯೆಗೆ ಅದೇ ಉತ್ತರ.

ನಿಧಾನಿ

ಯಾರೂ ಕತ್ತರಿಸಲ್ಲ, ನಿಜ. ಆದರೆ ವಿಕ್ಸ್ ಜಿಗಿದ ದಿನ ಕಾಲ್ ಕೂಡ ದುಬಾರಿ. ವಿಕ್ಸ್ ಅಂದರೇ ಆಪ್ಷನ್‌ಗಳ ಬೆಲೆ ಅಲ್ವಾ? 2024ರ ಜೂನ್ 4, ಚುನಾವಣೆ ಎಣಿಕೆಯ ದಿನ ನಿಫ್ಟಿ ಸುಮಾರು 6% ಬಿದ್ದು 21884ಕ್ಕೆ ಮುಗಿಯಿತು, ವಿಕ್ಸ್ 27ರ ಹತ್ತಿರ. ಮರುದಿನ ನಿಫ್ಟಿ 700ಕ್ಕೂ ಹೆಚ್ಚು ಅಂಶ ಏರಿತು. ಅದೇ ದಿನ ವಿಕ್ಸ್ 19ರ ಕೆಳಗೆ ಬಂತು. ತುಂಬಾ ಮೇಲಿನ ಸ್ಟ್ರೈಕ್‌ನ ಕಾಲ್ ಹಿಡಿದವರ ಗತಿ ಯೋಚಿಸಿ. ದಿಕ್ಕು ಸರಿ, ಆದರೆ ಪ್ರೀಮಿಯಂನ ದೊಡ್ಡ ಪಾಲು ಒಂದೇ ರಾತ್ರಿಯಲ್ಲಿ ಕರಗಿತು. ನೀವು ‘ಭಯ ಇಳಿಯುತ್ತದೆ’ ಎಂದು ಪಣ ಕಟ್ಟುತ್ತಾ, ಭಯ ಇಳಿದರೆ ಬೆಲೆ ಕಳೆದುಕೊಳ್ಳುವ ವಸ್ತು ಕೊಳ್ಳುತ್ತಿದ್ದೀರಿ.

ಆಪ್ಷನ್_ಗುರು

ಸ್ಟ್ರೈಕ್ ಈಗಿನ ನಿಫ್ಟಿಗಿಂತ ತುಂಬಾ ಕೆಳಗಿರುವ ಡೀಪ್ ಇನ್ ದ ಮನಿ ಕಾಲ್ ಕೊಂಡರೆ ಆ ಪೆಟ್ಟು ಕಡಿಮೆ. ಅದನ್ನು ಹೇಳಲಿಲ್ಲ ನೀವು.

ನಿಧಾನಿ

ಸರಿ, ಒಪ್ಪಿದೆ. ಅದರಲ್ಲಿ ಸಮಯದ ಮೌಲ್ಯ ಕಡಿಮೆ ಇರುತ್ತದೆ. ಮೂರು ತಿಂಗಳಾಚೆಯ ಅಂಥ ಕಾಲ್‌ನಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಎಷ್ಟು ದೂರ ಅಂತ ಗದ್ದಲದ ದಿನ ಒಮ್ಮೆ ನೋಡಿ, ಅಷ್ಟೇ.

ಪ್ರಿಯಾ_ಡಾಲಸ್

ನಾನು ಇಲ್ಲಿ ಅಮೆರಿಕದಲ್ಲಿ ಇರುವುದರಿಂದ ಮೂಲ ವಿಕ್ಸ್ ಮೇಲೆ ನಿಧಾನಿಯವರ ಐದು ದಿನದ ನಿಯಮ ಓಡಿಸಿದೆ. ಅಲ್ಲಿನ ಹಳೆಯ ಲೆಕ್ಕ ಜಾಸ್ತಿ ಸಿಗುತ್ತದೆ. 2008 ತೆಗೆದುಕೊಂಡೆ. ಇಲ್ಲಿ ಮೊದಲ ಮಟ್ಟ 40 ಅಂತಿಟ್ಟೆ.

ಸೆಪ್ಟೆಂಬರ್ 29ಕ್ಕೆ ವಿಕ್ಸ್ 46ರ ಮೇಲೆ ಮುಗಿಯಿತು, ಎಸ್ ಅಂಡ್ ಪಿ 500 ಸೂಚ್ಯಂಕ 1106. ಐದು ದಿನ ಬಿಟ್ಟು ಅಕ್ಟೋಬರ್ 6ಕ್ಕೆ 1057. ಮತ್ತೆ ಐದು ದಿನ, ಅಕ್ಟೋಬರ್ 13ಕ್ಕೆ 1003. ಅದು ಒಂದೇ ದಿನ 11%ಕ್ಕೂ ಹೆಚ್ಚು ಏರಿದ ದಿನ. ವಿಕ್ಸ್ ಇನ್ನೂ 50ರ ಮೇಲೆ ಇತ್ತು, ಹಾಗಾಗಿ ನಿಯಮ ಕೊಳ್ಳು ಅಂದಿತು. ಸರಾಸರಿ 1055. ಮೂರು ತಿಂಗಳ ನಂತರ ಜನವರಿ 13ಕ್ಕೆ 872. ನಷ್ಟ 17%.

ಬಸವರಾಜ್ ಅವರ ಮಟ್ಟದ ನಿಯಮ, ಅಂದರೆ 40, 50, 60, ಇಲ್ಲಿ ಅಕ್ಟೋಬರ್ 9ಕ್ಕೇ ಮುಗಿದು ಸರಾಸರಿ 1024 ಬರುತ್ತದೆ. ನಷ್ಟ 13%. ಅಂದರೆ 2008ರಲ್ಲಿ ಅಂತರ ಇಟ್ಟಿದ್ದೇ ಕೆಟ್ಟದಾಯಿತು!

ಗುರು ಅವರಿಗೆ ಒಂದು ಮಾತು. ಆ ಬಿಕ್ಕಟ್ಟಿನಲ್ಲಿ ಇಲ್ಲಿ ವಿಕ್ಸ್ ಅತಿ ಎತ್ತರಕ್ಕೆ ಮುಗಿದದ್ದು 2008ರ ನವೆಂಬರ್ 20ಕ್ಕೆ, 80.86. ಸೂಚ್ಯಂಕದ ತಳ ಬಂದದ್ದು 2009ರ ಮಾರ್ಚ್ 9ಕ್ಕೆ. ಆಗ ವಿಕ್ಸ್ ನವೆಂಬರ್‌ಗಿಂತ ಎಷ್ಟೋ ಕೆಳಗಿತ್ತು. ತುದಿ ಒಂದು ಕಡೆ, ತಳ ಇನ್ನೊಂದು ಕಡೆ.

ನಿಧಾನಿ

ಪ್ರಿಯಾ, ಇದು ಒಳ್ಳೆಯ ಏಟು. ನಿಮ್ಮ ಲೆಕ್ಕ ನೋಡಿದೆ, ಸರಿ ಇದೆ.

ಎರಡು ವಿಷಯ ಹೇಳಬೇಕು. ಒಂದು, ಐದು ದಿನ ಎಂಬ ಸಂಖ್ಯೆಯನ್ನು ನಾನು 2020ರ ಚಾರ್ಟ್ ಗೊತ್ತಿದ್ದೇ ಹೇಳಿದ್ದು. ಅದು 2020ಕ್ಕೆ ಚೆನ್ನಾಗಿ ಕಾಣುವುದು ಸಹಜ. ಹದಿನೈದು ದಿನ ಇಟ್ಟರೂ 2008ರ ದೊಡ್ಡ ನಷ್ಟ ತಪ್ಪುವುದಿಲ್ಲ, ಮತ್ತೆ ಬೇಗ ಇಳಿಯುವ ಸಣ್ಣ ಭಯದಲ್ಲಿ ಮೊದಲ ಕಂತು ಬಿಟ್ಟು ಮತ್ತೇನೂ ಸಿಗುವುದಿಲ್ಲ. ಸರಿಯಾದ ಸಂಖ್ಯೆ ಒಂದು ಇದೆ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ.

ಎರಡು, 2008 ಮತ್ತು 2020 ಬೇರೆ ಬೇರೆ ಜಾತಿಯ ಭಯ. 2020ರಲ್ಲಿ ಹೊಡೆತ ಒಂದೇ ಸಲಕ್ಕೆ ಬಂತು, ಸರ್ಕಾರಗಳೂ ಕೇಂದ್ರ ಬ್ಯಾಂಕುಗಳೂ ಕೆಲವೇ ವಾರದಲ್ಲಿ ಹಣ ಸುರಿದವು. 2008ರಲ್ಲಿ ಬ್ಯಾಂಕುಗಳ ಲೆಕ್ಕಪುಸ್ತಕದೊಳಗೇ ಕೊಳೆತ ಇತ್ತು. ಸೆಪ್ಟೆಂಬರ್ 15ಕ್ಕೆ ಲೀಮನ್ ಬಿತ್ತು, ಆಮೇಲೆ ವಾರಕ್ಕೊಂದು ಸುದ್ದಿ ಬರುತ್ತಲೇ ಇತ್ತು. ವಿಕ್ಸ್ ಮುಂದಿನ 30 ದಿನದ ಭಯವನ್ನು ಅಳೆಯುತ್ತದೆ. ಆ ಭಯಕ್ಕೆ ಕಾರಣ ಎಷ್ಟು ತಿಂಗಳು ಉಳಿಯುತ್ತದೆ ಎಂದು ಅದು ಹೇಳುವುದಿಲ್ಲ. ಆ ದಿನ ಎರಡೂ ಒಂದೇ ರೀತಿ ಕಾಣುತ್ತವೆ.

ಬಸವರಾಜ_ದಾವಣಗೆರೆ

ಹಾಗಾದರೆ ಮಟ್ಟ 30 ಅನ್ನುವುದೂ ಸಂಶಯವೇ ಅಲ್ವಾ? 2025ರ ಏಪ್ರಿಲ್‌ನಲ್ಲಿ ನನ್ನ ನಿಯಮ ಒಂದು ಯೂನಿಟ್ ಕೂಡ ಕೊಳ್ಳುತ್ತಿರಲಿಲ್ಲ. ಅದಕ್ಕೆ ಇನ್ನೊಂದು ದಾರಿ ಯೋಚಿಸಿದೆ. ಮಟ್ಟ ಬೇಡ, ಜಿಗಿತ ನೋಡೋಣ. ವಿಕ್ಸ್ ತನ್ನ ಹಿಂದಿನ 20 ದಿನದ ಸರಾಸರಿಯ ಒಂದೂವರೆ ಪಟ್ಟು ಆದರೆ ಮೊದಲ ಕಂತು. ಶೀಟ್‌ನಲ್ಲಿ ಬಿ ಕಾಲಂನಲ್ಲಿ ವಿಕ್ಸ್ ಮುಕ್ತಾಯ, ಹೊಸ ದಿನ ಮೇಲೆ:

```
=B2/AVERAGE(B3:B22)
```

ಏಪ್ರಿಲ್ 7ಕ್ಕೆ ಇದು ಒಂದೂವರೆ ದಾಟುತ್ತದೆ. ಹಿಂದಿನ ಮುಕ್ತಾಯ 13.76 ಇದ್ದದ್ದು ಒಂದೇ ದಿನ 22.79 ಆಯಿತು. ನಿಫ್ಟಿ 22162ಕ್ಕೆ ಸಿಗುತ್ತಿತ್ತು. ಮೂರು ತಿಂಗಳಿಗೆ ಜುಲೈ 7ಕ್ಕೆ 25461.

ನಿಧಾನಿ

ಯೋಚನೆ ಒಳ್ಳೆಯದು. ವಿಕ್ಸ್‌ನ ಮಾಮೂಲಿ ಮಟ್ಟವೇ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. 13ರ ಕಾಲದಲ್ಲಿ 22 ದೊಡ್ಡದು, 20ರ ಕಾಲದಲ್ಲಿ ಸಣ್ಣದು. ಪಟ್ಟು ನೋಡಿದರೆ ಅದು ತಾನಾಗಿ ಸರಿಹೋಗುತ್ತದೆ.

ಆದರೆ ಇದಕ್ಕೂ ಒಂದು ಕುರುಡು ಇದೆ. ಮತ್ತೆ 2024ರ ಜೂನ್ 4ಕ್ಕೆ ಬನ್ನಿ. ಚುನಾವಣೆ ದಿನಾಂಕ ಎಲ್ಲರಿಗೂ ಮೊದಲೇ ಗೊತ್ತು. ಏಪ್ರಿಲ್ ಕೊನೆಯಲ್ಲಿ 10ರ ಹತ್ತಿರ ಇದ್ದ ವಿಕ್ಸ್ ಮೇ ತಿಂಗಳಿಡೀ ಏರುತ್ತಾ 20 ದಾಟಿತ್ತು. ಹಾಗಾಗಿ 20 ದಿನದ ಸರಾಸರಿಯೇ ಮೇಲಿತ್ತು. ಎಣಿಕೆ ದಿನ 27ರ ಹತ್ತಿರ ಮುಗಿದರೂ ಪಟ್ಟು ಒಂದೂವರೆ ಮುಟ್ಟುವುದಿಲ್ಲ. ನಿಮ್ಮ ಶೀಟ್ ಸುಮ್ಮನಿರುತ್ತದೆ. ಮೂರು ತಿಂಗಳ ನಂತರ ಸೆಪ್ಟೆಂಬರ್ 4ಕ್ಕೆ ನಿಫ್ಟಿ 25199, ಅಂದರೆ 15% ಮೇಲೆ. 30ರ ಮಟ್ಟ ನೋಡುವವರು ಎರಡನ್ನೂ ಕಳೆದುಕೊಂಡರು, ಪಟ್ಟು ನೋಡುವವರು ಜೂನ್ 2024 ಕಳೆದುಕೊಂಡರು. ದಿನಾಂಕ ಗೊತ್ತಿರುವ ಘಟನೆಗೆ, ಅಂದರೆ ಚುನಾವಣೆ, ಬಜೆಟ್ ಇಂಥವಕ್ಕೆ, ಪಟ್ಟು ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು, ಮುಕ್ತಾಯದ ಸಂಖ್ಯೆಯನ್ನೇ ಹಾಕಿದ್ದೀರಿ, ಅದನ್ನು ಬಿಡಬೇಡಿ. ದಿನದ ನಡುವಿನ ವಿಕ್ಸ್ ನಂಬಬೇಡಿ. ಪ್ರಿಯಾ ಅವರ ಊರಿನಲ್ಲೇ 2024ರ ಆಗಸ್ಟ್ 5ಕ್ಕೆ ಮಾರುಕಟ್ಟೆ ತೆರೆಯುವ ಮೊದಲೇ 65 ದಾಟಿ, ಸಂಜೆ 38.57ಕ್ಕೆ ಮುಗಿಯಿತು. ವಿಕ್ಸ್ ಅನ್ನು ಆಪ್ಷನ್‌ಗಳ ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಯಿಂದ ಲೆಕ್ಕ ಹಾಕುತ್ತಾರೆ. ವಹಿವಾಟು ಇಲ್ಲದ ಹೊತ್ತಿನಲ್ಲಿ ಆ ಎರಡರ ನಡುವೆ ಅಂತರ ಹಿಗ್ಗಿದರೆ ವಿಕ್ಸ್ ಕೂಡ ಹಿಗ್ಗುತ್ತದೆ. ಅದರಲ್ಲಿ ಸ್ವಲ್ಪ ಭಯ, ಸ್ವಲ್ಪ ಖಾಲಿ ಅಂಗಡಿ.

ಸುಧಾ_ಮೈಸೂರು

ಎಲ್ಲರೂ ಒಳಗೆ ಹೋಗುವ ಮಾತೇ ಆಡುತ್ತಿದ್ದೀರಿ. ಹೊರಗೆ ಬರುವುದು? ಮೂರು ತಿಂಗಳೇ ಯಾಕೆ? ಅದೇ 2024ರ ಆಗಸ್ಟ್ 5ಕ್ಕೆ ನಮ್ಮ ವಿಕ್ಸ್ ಕೂಡ 20 ದಾಟಿತ್ತು, ನಿಫ್ಟಿ 24056. ಸೆಪ್ಟೆಂಬರ್ ಕೊನೆಗೆ ನಿಫ್ಟಿ 26200 ಮುಟ್ಟಿತು. ಮೂರು ತಿಂಗಳ ನಿಯಮದವರು ಅದನ್ನೆಲ್ಲ ನೋಡುತ್ತಾ ಕೂತು ನವೆಂಬರ್ 5ಕ್ಕೆ 24213ಕ್ಕೆ ಮಾರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ ಹಾಗೆ.

ಪ್ರಿಯಾ_ಡಾಲಸ್

ಒಂದು ತಿಂಗಳು ಇಟ್ಟರೆ? ಆಗಸ್ಟ್ 5ರ ಖರೀದಿ ಸೆಪ್ಟೆಂಬರ್ 5ಕ್ಕೆ 25145, ಅಂದರೆ ನಾಲ್ಕೂವರೆ ಶೇಕಡಾ. ಉಕ್ರೇನ್ ದಿನ 16248ಕ್ಕೆ ಕೊಂಡವರಿಗೆ ಒಂದು ತಿಂಗಳಿಗೆ 17223, ಶೇಕಡಾ 6. ಅದೇ ಮೂರು ತಿಂಗಳಿಗೆ 16125, ಸಣ್ಣ ನಷ್ಟ. ಎರಡರಲ್ಲೂ ಒಂದು ತಿಂಗಳೇ ಗೆದ್ದಿತು.

ನಿಧಾನಿ

ಎರಡರಲ್ಲಿ ಗೆದ್ದಿತು, ಇನ್ನೆರಡರಲ್ಲಿ ಸೋತಿತು. 2025ರ ಏಪ್ರಿಲ್‌ನಲ್ಲಿ ಒಂದು ತಿಂಗಳಿಗೆ 10%, ಮೂರು ತಿಂಗಳಿಗೆ 15%. 2020ರ ಮಾರ್ಚ್ 9ರ ಮೊದಲ ಕಂತು ಒಂದು ತಿಂಗಳಿಗೆ 13% ನಷ್ಟದಲ್ಲಿ ಮಾರಾಟ ಆಗುತ್ತಿತ್ತು. ಮೂರು ತಿಂಗಳಿಗೆ ಅದೇ ನಷ್ಟ 4%.

ನನಗೆ ಕಾಣುವುದು ಹೀಗೆ. ಭಯ ಸುಳ್ಳಾಗಿದ್ದರೆ ಅದರ ಸಂಭಾವನೆ ಮೊದಲ ಕೆಲವು ವಾರದಲ್ಲೇ ಬಂದುಬಿಡುತ್ತದೆ. ಆಮೇಲೆ ನೀವು ಹಿಡಿದಿರುವುದು ಮಾಮೂಲಿ ನಿಫ್ಟಿ, ವಿಕ್ಸ್ ಜಿಗಿತಕ್ಕೂ ಅದಕ್ಕೂ ಸಂಬಂಧ ಉಳಿದಿರುವುದಿಲ್ಲ. 2024ರ ನವೆಂಬರ್‌ನ ಬೆಲೆಗೆ ಆಗಸ್ಟ್‌ನ ಭಯ ಕಾರಣವಲ್ಲ, ವಿದೇಶಿ ಹೂಡಿಕೆದಾರರು ಅಕ್ಟೋಬರ್‌ನಲ್ಲಿ ಮಾರಿದ್ದು ಕಾರಣ. ಭಯ ನಿಜವಾಗಿದ್ದರೆ ಒಂದು ತಿಂಗಳು ಸಾಲದು, ಬಿರುಗಾಳಿ ನಡುವೆಯೇ ಇಳಿಸಿಬಿಡುತ್ತದೆ. ಹಾಗಾಗಿ ಸಣ್ಣ ಅವಧಿ ಸಣ್ಣ ಭಯಕ್ಕೆ, ದೊಡ್ಡ ಅವಧಿ ದೊಡ್ಡ ಭಯಕ್ಕೆ. ಯಾವುದು ಯಾವುದು ಎಂದು ಮೊದಲ ದಿನ ಗೊತ್ತಾಗುವುದಿಲ್ಲ. ಆದರೆ ಕಂತುಗಳು ಅದನ್ನು ಸ್ವಲ್ಪ ಹೇಳುತ್ತವೆ. ಎರಡನೇ ಕಂತು ಬೀಳಲೇ ಇಲ್ಲ ಅಂದರೆ ವಿಕ್ಸ್ ಬೇಗ ಇಳಿಯಿತು ಎಂದರ್ಥ. ಆಗ ಮೊದಲ ಕಂತಿನಿಂದ ಒಂದು ತಿಂಗಳಿಗೆ ಹೊರಡಿ. ಎರಡನೇದು ಬಿದ್ದರೆ ಗಡಿಯಾರ ಹೊಸದಾಗಿ, ಕೊನೆಯ ಕಂತಿನಿಂದ ಮೂರು ತಿಂಗಳು. ಎರಡೂ ಮೊದಲೇ ಬರೆದಿಟ್ಟಿರಬೇಕು.

ಪ್ರಿಯಾ_ಡಾಲಸ್

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ನಾಲ್ಕೈದು ಘಟನೆ ಇಟ್ಟುಕೊಂಡು ಮೂರು ಗುಂಡಿ ತಿರುಗಿಸಿದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಮಟ್ಟ, ಅಂತರ, ಅವಧಿ, ಈಗ ಅವಧಿಯಲ್ಲೂ ಎರಡು ಬಗೆ. ಇದರಲ್ಲಿ ಯಾವುದೂ ನಾಳೆಯ ಘಟನೆಗೆ ಪರೀಕ್ಷೆ ಆಗಿಲ್ಲ. ಬಸವರಾಜ್ ಒಂದೇ ಅವಧಿ ಅಂದಿದ್ದೇ ಇದರ ಚಂದ ಇತ್ತು.

ನಿಧಾನಿ

ಅದು ನ್ಯಾಯವಾದ ಆಕ್ಷೇಪ. ನನ್ನ ಹತ್ತಿರ ಅದಕ್ಕೆ ಉತ್ತರ ಇಲ್ಲ. ನಾನು ಹಾಕುವ ಹಣವನ್ನು ಚಿಕ್ಕದಾಗಿಡುತ್ತೇನೆ, ಅಷ್ಟೇ. ಮೂರೂ ಕಂತು ಸೇರಿ ಒಟ್ಟು ಉಳಿತಾಯದ ಹತ್ತನೇ ಒಂದು ಭಾಗ ದಾಟಬಾರದು.

ಜಯಣ್ಣ ಟಿ.

ಸರ್, ಹಾಗಾದರೆ ನನ್ನ ಎಸ್‌ಐಪಿ ನಿಲ್ಲಿಸಿ, ಆ ದುಡ್ಡು ಕೂಡಿಟ್ಟು ವಿಕ್ಸ್ ಬಂದಾಗ ಹಾಕಲಾ? ತಿಂಗಳಿಗೆ 5,000 ಹೋಗುತ್ತಿದೆ.

ಸುಧಾ_ಮೈಸೂರು

ಬೇಡ ಜಯಣ್ಣನವರೇ. 2020ರ ಬೇಸಿಗೆ ಕಳೆದ ಮೇಲೆ ಬಸವರಾಜ್ ಅವರ 30ರ ಮಟ್ಟಕ್ಕೆ ಕಾಯುತ್ತಾ ಕೂತಿದ್ದರೆ, ಆ ಗಂಟೆ ಬಾರಿಸಿದ್ದು 2022ರ ಫೆಬ್ರವರಿಗೆ. ಆ ‘ಭಯದ ದಿನ’ ನಿಫ್ಟಿ 16248. ಕಾಯಲು ಶುರು ಮಾಡಿದಾಗ ಅದು 10,000 ಚಿಲ್ಲರೆ. ಅಗ್ಗದ ದಿನಕ್ಕೆ ಕಾಯುತ್ತಾ ಅರವತ್ತು ಶೇಕಡಾ ಜಾಸ್ತಿ ಕೊಟ್ಟು ಕೊಂಡಂತೆ. ಎಸ್‌ಐಪಿ ಅದರ ಪಾಡಿಗೆ ಹೋಗಲಿ. ಇದು ಪಕ್ಕದ ಆಟ.

ಜಯಣ್ಣ ಟಿ.

ಆಯ್ತು ಮೇಡಂ, ಮುಟ್ಟಲ್ಲ.

ಬಸವರಾಜ_ದಾವಣಗೆರೆ

ಎಲ್ಲ ಓದಿ ನನ್ನ ಹಾಳೆ ತಿದ್ದಿದೆ. ಮೊದಲ ಕಂತಿಗೆ ವಿಕ್ಸ್ ಮುಕ್ತಾಯ 25ರ ಮೇಲೆ ಅಥವಾ 20 ದಿನದ ಸರಾಸರಿಯ ಒಂದೂವರೆ ಪಟ್ಟು, ಯಾವುದು ಮೊದಲೋ ಅದು. ಆಗ ಜೂನ್ 2024, ಏಪ್ರಿಲ್ 2025 ಎರಡೂ ಸಿಗುತ್ತವೆ. ಐದು ಟ್ರೇಡಿಂಗ್ ದಿನದ ಅಂತರ. ಅವಧಿ ಮಾತ್ರ ಪ್ರಿಯಾ ಹೇಳಿದ ಹಾಗೆ ಒಂದೇ ಇಡುತ್ತೇನೆ, ಮೂರು ತಿಂಗಳು. ಎರಡು ಬಗೆ ಇಟ್ಟರೆ ಆ ದಿನ ಬಂದಾಗ ನಾನು ನನಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಒಂದು ಪ್ರಶ್ನೆ ಉಳಿದಿದೆ. ಪ್ರತಿ ಕಂತಿಗೂ ಅದರದ್ದೇ ಮೂರು ತಿಂಗಳು ಇಡುವುದಾ, ಇಲ್ಲ ಕೊನೆಯದರಿಂದ ಎಲ್ಲಕ್ಕೂ ಒಂದೇ ದಿನವಾ?

ನಿಧಾನಿ

2025 ಸಿಕ್ಕಿತು, 2020 ಸ್ವಲ್ಪ ಹಾಳಾಗುತ್ತದೆ ನೋಡಿ. 25 ಅಂದರೆ ಮಾರ್ಚ್ 9ಕ್ಕಿಂತ ಮೊದಲೇ ಕೊಳ್ಳಬೇಕಾಗಬಹುದು. ಅದು ಗೊತ್ತಿದ್ದೇ ಮಾಡಿ.

ಅವಧಿಗೆ ಬಂದರೆ, 2020ರಲ್ಲಿ ಎರಡೂ ಹಾಕಿ ನೋಡಿದೆ. ಕಂತಿಗೆ ಒಂದೊಂದು ದಿನಾಂಕ ಇಟ್ಟರೆ ಜೂನ್ 9ಕ್ಕೆ 10047, ಜೂನ್ 17ಕ್ಕೆ 9881, ಜೂನ್ 24ಕ್ಕೆ 10305. ಒಟ್ಟು ಗಳಿಕೆ 11%. ಎಲ್ಲವನ್ನೂ ಒಂದೇ ದಿನ ಮಾರಿದರೆ ಹದಿಮೂರೂವರೆ. ದೊಡ್ಡ ವ್ಯತ್ಯಾಸವಲ್ಲ. ನಾನಾದರೆ ಬಿಡಿ ಬಿಡಿಯಾಗಿ ಮಾರುತ್ತೇನೆ. ಕೊಳ್ಳುವಾಗ ಒಂದೇ ದಿನದ ಬೆಲೆಗೆ ಕಟ್ಟುಬೀಳಬಾರದು ಅಂತ ಕಂತು ಮಾಡಿ, ಮಾರುವಾಗ ಎಲ್ಲವನ್ನೂ ಒಂದೇ ದಿನಕ್ಕೆ ಕಟ್ಟುವುದು ನನಗೆ ಸರಿ ಕಾಣಲ್ಲ.

ತೆರಿಗೆ ಮರೆಯಬೇಡಿ. ಮೂರು ತಿಂಗಳಲ್ಲಿ ಮಾರಿದರೆ ಅದು ಅಲ್ಪಾವಧಿ ಲಾಭ, 2024ರ ಜುಲೈ 23ರಿಂದ ಅದಕ್ಕೆ 20%. ಹದಿಮೂರೂವರೆ ಅಂದದ್ದು ಕೈಗೆ ಹನ್ನೊಂದರ ಹತ್ತಿರ ಬರುತ್ತದೆ.

ಆಪ್ಷನ್_ಗುರು

ಮಾರುವ ದಿನ ರಜೆ ಬಿದ್ದರೆ?

ನಿಧಾನಿ

ಮುಂದಿನ ಟ್ರೇಡಿಂಗ್ ದಿನ, ಅದನ್ನೂ ಹಾಳೆಯಲ್ಲಿ ಬರೆದಿಡಿ. ಮತ್ತೆ ನಾವು ಇಲ್ಲಿ ಹೇಳಿದ ಬೆಲೆಗಳೆಲ್ಲ ನಿಫ್ಟಿಯ ಮುಕ್ತಾಯದ ಸಂಖ್ಯೆಗಳು. ಅದನ್ನು ಕೊನೆಯ ಅರ್ಧ ಗಂಟೆಯ ವಹಿವಾಟಿನ ಸರಾಸರಿಯಿಂದ ಲೆಕ್ಕ ಹಾಕಿರುತ್ತಾರೆ. ಗದ್ದಲದ ದಿನ ಮೂರೂ ಇಪ್ಪತ್ತಕ್ಕೆ ನೀವು ಆರ್ಡರ್ ಹಾಕಿದರೆ ಸಿಗುವ ಬೆಲೆ ಬೇರೆಯೇ ಇರುತ್ತದೆ, ಒಂದು ಶೇಕಡಾ ಆಚೀಚೆ ಆದರೂ ಆಶ್ಚರ್ಯ ಇಲ್ಲ. ಮರುದಿನ ಬೆಳಗ್ಗೆ ಕೊಳ್ಳುವುದಾದರೆ ಇನ್ನೂ ದೂರ. 2025ರ ಏಪ್ರಿಲ್ 8ಕ್ಕೆ ಮಾರುಕಟ್ಟೆ ಮೇಲೆಯೇ ತೆರೆಯಿತು.

ಸುಧಾ_ಮೈಸೂರು

ಬಸವರಾಜ್, ಮೂರೂ ಹದಿನೈದಕ್ಕೆ ವಿಕ್ಸ್ ನೋಡಿ ಅಲ್ಲೇ ತೀರ್ಮಾನ ಮಾಡಿ. ಮುಕ್ತಾಯಕ್ಕೆ ಅದು 25ರ ಕೆಳಗೆ ಜಾರಿದರೆ ಏನು ಮಾಡುತ್ತೀರಿ, ಅದನ್ನೂ ಈಗಲೇ ಬರೆದುಕೊಳ್ಳಿ.

ಬಸವರಾಜ_ದಾವಣಗೆರೆ

ಕೊಂಡದ್ದು ಕೊಂಡ ಹಾಗೆ. ಬರೆದೆ.